ಜೋಗದ ಪುಟಕ್ಕೆ ನಾಲ್ಕು ಬಗೆಯ ಮೆಟಾ ಡಿಸ್ಕ್ರಿಪ್ಷನ್: ಯಾವುದು ಕ್ಲಿಕ್ ತಂದಿತು, ಯಾವುದು ನಂಬಿಕೆ ಉಳಿಸಿತು

ಮಲೆನಾಡಿನ ಪ್ರವಾಸದ ಬಗ್ಗೆ ನಾನು ಬರೆಯುವ ತಾಣದಲ್ಲಿ ‘ಜೋಗ ಜಲಪಾತ ನೋಡಲು ಯಾವ ತಿಂಗಳು ಸೂಕ್ತ?’ ಎಂಬ ಪುಟವಿದೆ. ಗೂಗಲ್‌ನ ಫಲಿತಾಂಶಗಳಲ್ಲಿ ಅದು ಸಾಕಷ್ಟು ಸಲ ಕಾಣಿಸಿಕೊಳ್ಳುತ್ತಿದ್ದರೂ ಕ್ಲಿಕ್ ಮಾಡುವವರು ಕಡಿಮೆ ಇದ್ದರು. ಶೀರ್ಷಿಕೆಯನ್ನು ಮುಟ್ಟದೆ, ಅದರ ಕೆಳಗೆ ಕಾಣುವ ವಿವರಣೆಯನ್ನು, ಅಂದರೆ ಮೆಟಾ ಡಿಸ್ಕ್ರಿಪ್ಷನ್ ಅನ್ನು ಮಾತ್ರ ಒಂದೊಂದಾಗಿ ಬದಲಿಸಿ ನೋಡಿದೆ. ಮೆಟಾ ಡಿಸ್ಕ್ರಿಪ್ಷನ್ ಫಲಿತಾಂಶಗಳ ಸ್ಥಾನವನ್ನು ನಿರ್ಧರಿಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಆದ್ದರಿಂದ ಇಲ್ಲಿ ಅಳೆಯಬೇಕಾದದ್ದು ಸ್ಥಾನವನ್ನಲ್ಲ, ಕಂಡವರಲ್ಲಿ ಎಷ್ಟು ಮಂದಿ ಒಳಗೆ ಬಂದರು ಎಂಬುದನ್ನು.

ಮೊದಲನೆಯದು ಎಲ್ಲೆಡೆ ಕಾಣುವ ಮಾದರಿ: ‘ಜೋಗ ಜಲಪಾತ ನೋಡಲು ಯಾವ ತಿಂಗಳು ಸೂಕ್ತ ಎಂಬ ಸಂಪೂರ್ಣ ಮಾಹಿತಿ ಇಲ್ಲಿದೆ.’ ಇದರಲ್ಲಿ ಸುಳ್ಳಿಲ್ಲ, ಹೊಸದೂ ಇಲ್ಲ. ಓದುಗನು ಒಂದೇ ಮಾತನ್ನು ಎರಡು ಸಲ ಓದಿ ಮುಂದಿನ ಫಲಿತಾಂಶಕ್ಕೆ ಕಣ್ಣು ಹಾಯಿಸುತ್ತಾನೆ. ಕ್ಲಿಕ್ ದರ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ.

ಎರಡನೆಯದು ಕುತೂಹಲ ಕೆರಳಿಸುವ ಮಾದರಿ: ‘ಈ ತಿಂಗಳಲ್ಲಿ ಮಾತ್ರ ಜೋಗಕ್ಕೆ ಹೋಗಬೇಡಿ! ಕಾರಣ ತಿಳಿದರೆ ಬೆರಗಾಗುತ್ತೀರಿ.’ ಕ್ಲಿಕ್‌ಗಳು ಹೆಚ್ಚಿದವು ನಿಜ. ಆದರೆ ಬಂದವರು ಪುಟದಲ್ಲಿ ಕಳೆಯುವ ಸಮಯ ತೀರಾ ಇಳಿಯಿತು. ಪುಟದಲ್ಲಿ ಬೆರಗಾಗುವಂಥ ಕಾರಣವೇನೂ ಇರಲಿಲ್ಲ. ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ ನೀರು ವಿದ್ಯುತ್ತಿಗಾಗಿ ನಿಲ್ಲುವುದರಿಂದ ಬೇಸಿಗೆಯಲ್ಲಿ ಧಾರೆ ಸಣ್ಣದಾಗುತ್ತದೆ, ಅಷ್ಟೆ. ರಜೆ ಹಾಕಿ, ಮಕ್ಕಳನ್ನು ಕರೆದುಕೊಂಡು ಹೊರಡುವ ಯೋಜನೆಯಲ್ಲಿರುವವರನ್ನು ಹೀಗೆ ಹೆದರಿಸಿ ಒಳಗೆ ಕರೆಯುವುದು ನನಗೆ ಒಪ್ಪಿಗೆಯಾಗಲಿಲ್ಲ. ದರ ಏರಿದ್ದರೂ ಅದನ್ನು ತೆಗೆದುಹಾಕಿದೆ.

ಮೂರನೆಯ ದಾರಿ, ವಿವರಣೆಯನ್ನೇ ಬರೆಯದಿರುವುದು. ಆಗ ಗೂಗಲ್ ಪುಟದೊಳಗಿನಿಂದ ತಾನೇ ಒಂದು ತುಣುಕನ್ನು ಆರಿಸಿಕೊಳ್ಳುತ್ತದೆ. ಇದನ್ನು ತಳ್ಳಿಹಾಕುವಂತಿಲ್ಲ. ‘ತಾಳಗುಪ್ಪದಿಂದ ಜೋಗಕ್ಕೆ ಬಸ್’ ಎಂದು ಹುಡುಕಿದವರಿಗೆ ಪುಟದ ಕೊನೆಯಲ್ಲಿದ್ದ ಬಸ್ಸಿನ ಸಾಲೇ ಕಾಣಿಸಿತು. ಅಷ್ಟು ಸರಿಯಾದ ಉತ್ತರವನ್ನು ನಾನು ಬರೆದ ಯಾವ ವಿವರಣೆಯೂ ಕೊಡುತ್ತಿರಲಿಲ್ಲ. ಆದರೆ ‘ಜೋಗ ಯಾವಾಗ ನೋಡಬೇಕು’ ಎಂಬ ಮುಖ್ಯ ಪ್ರಶ್ನೆಗೆ ಚಿತ್ರದ ಅಡಿಬರಹವೂ ಮೆನುವಿನ ಪದಗಳೂ ಸೇರಿದ ಅರ್ಧಂಬರ್ಧ ವಾಕ್ಯ ಬಂತು. ಸಾವಿರಾರು ಪುಟಗಳ ತಾಣಕ್ಕೆ ಈ ದಾರಿ ಸರಿಹೋಗಬಹುದು, ಮುಖ್ಯ ಪುಟಗಳಿಗಂತೂ ಬೇಡ.

ನಾಲ್ಕನೆಯದೇ ಈಗ ಉಳಿದಿರುವುದು:

```html
<meta name="description" content="ಜುಲೈನಿಂದ ಸೆಪ್ಟೆಂಬರ್‌ವರೆಗೆ ನೀರು ಹೆಚ್ಚು, ಮಂಜೂ ಹೆಚ್ಚು. ಬೇಸಿಗೆಯಲ್ಲಿ ಧಾರೆ ಸಣ್ಣದಾಗುವುದೇಕೆ, ತಾಳಗುಪ್ಪದಿಂದ ತಲುಪುವುದು ಹೇಗೆ: ತಿಂಗಳುವಾರು ವಿವರ.">
```

ಶೀರ್ಷಿಕೆ ಕೇಳಿದ ಪ್ರಶ್ನೆಗೆ ಮೊದಲ ವಾಕ್ಯವೇ ಉತ್ತರ ಕೊಡುತ್ತದೆ. ಉತ್ತರ ಹೊರಗೇ ಸಿಕ್ಕರೆ ಯಾರು ಒಳಗೆ ಬರುತ್ತಾರೆ ಎಂಬ ಅಳುಕು ಸಹಜ. ಕೆಲವರು ಅಷ್ಟಕ್ಕೇ ತೃಪ್ತರಾಗಿರಲೂಬಹುದು. ಆದರೆ ‘ಮಂಜೂ ಹೆಚ್ಚು’ ಎಂಬ ಎರಡು ಪದಗಳು ಹೊರಡಲಿರುವವನಿಗೆ ನಿಜವಾದ ತೊಡಕನ್ನು ತಿಳಿಸುತ್ತವೆ. ಮಂಜು ಕವಿದರೆ ರಾಜ, ರಾಣಿ, ರೋರರ್, ರಾಕೆಟ್ ಯಾವುದೂ ಕಾಣದೆ ಸದ್ದು ಮಾತ್ರ ಕೇಳಿಸುವುದುಂಟು. ಹಾಗಾದರೆ ಯಾವ ತಿಂಗಳು, ದಿನದ ಯಾವ ಹೊತ್ತು ಎಂಬ ಮುಂದಿನ ಪ್ರಶ್ನೆ ಹುಟ್ಟುತ್ತದೆ, ಅದಕ್ಕೆ ಉತ್ತರ ಪುಟದಲ್ಲಿದೆ. ಕ್ಲಿಕ್ ದರ ಮೊದಲನೆಯದಕ್ಕಿಂತ ಸ್ಪಷ್ಟವಾಗಿ ಮೇಲಿತ್ತು, ಎರಡನೆಯದಕ್ಕಿಂತ ತುಸು ಕೆಳಗಿತ್ತು. ಓದುಗರು ಉಳಿದ ಸಮಯ ಮಾತ್ರ ನಾಲ್ಕರಲ್ಲೂ ಇದಕ್ಕೇ ಹೆಚ್ಚು.

ಇಂಥ ಹೋಲಿಕೆ ಮಾಡುವವರು ಅಳತೆಯಲ್ಲಿ ಎಚ್ಚರವಿಡಬೇಕು. ಜೋಗವನ್ನು ಮಳೆಗಾಲದಲ್ಲಿ ಹುಡುಕುವವರೇ ಬೇರೆ, ಬೇಸಿಗೆಯಲ್ಲಿ ಹುಡುಕುವವರೇ ಬೇರೆ. ಮೇ ತಿಂಗಳ ದರವನ್ನು ಜುಲೈನದರ ಪಕ್ಕದಲ್ಲಿಟ್ಟರೆ ಗೆಲುವು ವಿವರಣೆಯದೋ ಮಳೆಯದೋ ತಿಳಿಯುವುದಿಲ್ಲ. ತಾಣದ ಒಡೆಯರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ ಕಾರ್ಯಕ್ಷಮತೆ ವರದಿಯಲ್ಲಿ ಆ ಪುಟವನ್ನು ಮಾತ್ರ ಸೋಸಿ, ಒಂದೇ ಹುಡುಕಾಟ ಪದವನ್ನು ಆರಿಸಿ, ಒಂದೇ ಋತುವಿನ ಸಮಾನ ಅವಧಿಗಳನ್ನು ಹೋಲಿಸಬೇಕು. ಆ ಎರಡೂ ಅವಧಿಗಳಲ್ಲಿ ಸರಾಸರಿ ಸ್ಥಾನ ಹೆಚ್ಚುಕಡಿಮೆ ಒಂದೇ ಇದ್ದರೆ ಮಾತ್ರ ದರದ ವ್ಯತ್ಯಾಸಕ್ಕೆ ಬೆಲೆ. ಐದನೆಯ ಸ್ಥಾನದಿಂದ ಎರಡಕ್ಕೆ ಏರಿದ ಪುಟಕ್ಕೆ ವಿವರಣೆ ಹೇಗಿದ್ದರೂ ಸಾಮಾನ್ಯವಾಗಿ ಕ್ಲಿಕ್ ಹೆಚ್ಚುತ್ತದೆ.

ಬದಲಿಸಿದ ಮೇಲೆ ಅದೇ ಪದವನ್ನು ಸ್ವತಃ ಹುಡುಕಿ ನೋಡುವುದೂ ಅಗತ್ಯ. ಗೂಗಲ್ ಪುಟವನ್ನು ಮತ್ತೆ ಓದುವವರೆಗೆ ಹಳೆಯದೇ ಕಾಣುತ್ತಿರಬಹುದು. ಓದಿದ ಮೇಲೂ ನಮ್ಮ ಸಾಲನ್ನು ಬಿಟ್ಟು ಬೇರೆಯದನ್ನು ತೋರಿಸಬಹುದು. ತೋರಿಸದ ವಿವರಣೆಯನ್ನು ಅಳೆದು ಪ್ರಯೋಜನವಿಲ್ಲ.

ಉದ್ದದ ವಿಷಯದಲ್ಲಿ ‘160 ಅಕ್ಷರ’ ಎಂಬ ಪ್ರಚಲಿತ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. ಗೂಗಲ್ ಅಂಥ ಮಿತಿ ಹಾಕಿಲ್ಲ, ಪರದೆಯ ಅಗಲಕ್ಕೆ ತಕ್ಕಂತೆ ಸಾಲನ್ನು ಕತ್ತರಿಸುತ್ತದೆ. ಎಣಿಸುವ ಉಪಕರಣಗಳು ಸಾಮಾನ್ಯವಾಗಿ ಒತ್ತು, ಗುಣಿತಗಳನ್ನೂ ಬೇರೆಬೇರೆ ಎಣಿಸುವುದರಿಂದ ‘ಸ್ತ್ರೀ’ ಎಂಬ ಒಂದೇ ಅಕ್ಷರ ಅವುಗಳಿಗೆ ಆರು. ಎಣಿಕೆಗಿಂತ ಮೊಬೈಲಿನಲ್ಲಿ ಕಣ್ಣಾರೆ ನೋಡುವುದೇ ಮೇಲು. ಬಾಲ ತುಂಡಾದರೂ ಅರ್ಥ ಉಳಿಯಲಿ ಎಂದೇ ತಿಂಗಳುಗಳ ಹೆಸರನ್ನು ನಾನು ಎಲ್ಲಕ್ಕಿಂತ ಮುಂದೆ ಇಟ್ಟಿದ್ದೇನೆ.