ಯುಎಸ್‌ಬಿ-ಸೀರಿಯಲ್ ಅಡಾಪ್ಟರ್: ಸಾಮಾನು ಚೊಕ್ಕ, ಜೊತೆಗೆ ಬಂದ ಕೇಬಲ್ ಮಾತ್ರ ಬೇಡ

ಶಿರಸಿಯ ನಮ್ಮ ಅಡಿಕೆ ಅಂಗಡಿಯ ತೂಕದ ಯಂತ್ರ ಹಳೆಯದು, ತೂಕ ಇನ್ನೂ ಕರಾರುವಾಕ್ಕು. ಹಿಂಬದಿಯಲ್ಲಿ ಒಂಬತ್ತು ಪಿನ್ನಿನ ಪೋರ್ಟ್ ಇದೆ. ರಾಶಿ, ಚಾಲಿ ಯಾವುದೇ ಚೀಲ ಇಟ್ಟರೂ ತೂಕ ನೇರ ಕಂಪ್ಯೂಟರಿಗೆ ಬರಲಿ ಎಂದು ಈ ಅಡಾಪ್ಟರ್ ತಗೊಂಡೆ. ಎರಡು ಮಳೆಗಾಲ ಕಳೆದಿದೆ.

ಸಿಟ್ಟು ಬಂದದ್ದು ಕೇಬಲ್ ಮೇಲೆ. ಡ್ರೈವರ್ ಕೂತಿತು, `COM5` ಕಾಣಿಸಿತು, PuTTY ತೆರೆದರೆ ಪರದೆ ಖಾಲಿ. ವೇಗ ತಪ್ಪಿದ್ದರೆ ಸಾಮಾನ್ಯವಾಗಿ ಏನಾದರೂ ಕಸದ ಅಕ್ಷರ ಬೀಳುತ್ತದೆ. ಒಂದಕ್ಷರವೂ ಇಲ್ಲ ಎಂದರೆ ಮೊದಲ ಅನುಮಾನ ತಂತಿಯ ಮೇಲೆ.

ಕೇಬಲ್ ಬಿಚ್ಚಿ, ಅಡಾಪ್ಟರಿನ 2 ಮತ್ತು 3ನೇ ಪಿನ್ನುಗಳನ್ನು ಸಣ್ಣ ತಂತಿಯಿಂದ ಸೇರಿಸಿದೆ. PuTTYಯಲ್ಲಿ Local echo, Flow control ಎರಡನ್ನೂ ಬಂದ್ ಮಾಡಿ ಟೈಪ್ ಮಾಡಿದರೆ ಅಕ್ಷರಗಳು ತಿರುಗಿ ಬಂದವು. ತಂತಿ ತೆಗೆದರೆ ನಿಂತವು. ಅಂದರೆ ಅಡಾಪ್ಟರ್, ಡ್ರೈವರ್ ಎರಡೂ ಸರಿ.

ಆಮೇಲೆ ಮಲ್ಟಿಮೀಟರ್. ಕಪ್ಪು ಕಡ್ಡಿ 5ನೇ ಪಿನ್ನಿಗೆ, ಅದು ಗ್ರೌಂಡ್. ಸುಮ್ಮನಿರುವಾಗಲೂ ಕಳಿಸುವ ಪಿನ್ನಿನಲ್ಲಿ ಋಣ ವೋಲ್ಟೇಜ್ ಇರುತ್ತದೆ, ಕೇಳುವ ಪಿನ್ನಿನಲ್ಲಿ ಸುಮಾರು ಸೊನ್ನೆ. ಅಡಾಪ್ಟರಿನ 3ರಲ್ಲಿ ಮೈನಸ್ 6ರ ಹತ್ತಿರ ತೋರಿಸಿತು. ಯಂತ್ರದಲ್ಲೂ 3ರಲ್ಲೇ ಮೈನಸ್! ಇಬ್ಬರೂ ಒಂದೇ ತಂತಿಯಲ್ಲಿ ಮಾತಾಡುತ್ತಿದ್ದಾರೆ, 2ರಲ್ಲಿ ಇಬ್ಬರೂ ಕಿವಿಗೊಟ್ಟು ಕೂತಿದ್ದಾರೆ. ಇಲ್ಲಿಗೆ ಬೇಕಾದದ್ದು ನಲ್ ಮೋಡೆಮ್ ಕೇಬಲ್: ಒಂದು ತುದಿಯ 2 ಇನ್ನೊಂದರ 3ಕ್ಕೆ, 3 ಅಲ್ಲಿನ 2ಕ್ಕೆ, 5 ಮಾತ್ರ ನೇರ 5ಕ್ಕೆ. ಜೊತೆಗೆ ಕೊಟ್ಟಿದ್ದು ನೇರ ಕೇಬಲ್. ಎರಡೂ ನೋಡಲು ಒಂದೇ ಥರ, ಎರಡು ತುದಿಗೂ ತೂತಿನ ಕನೆಕ್ಟರೇ. ಡಬ್ಬಿಯ ಮೇಲೆ ನೇರವೋ ಅಡ್ಡವೋ ಎಂದು ಒಂದು ಸಾಲು ಬರೆಯಲು ಇವರಿಗೇನು ಕಷ್ಟ?

ಕೊಳ್ಳುವವರು ಅಂಗಡಿಯಲ್ಲೇ ಮೀಟರಿನ ಬೀಪ್ ಹಾಕಿ ನೋಡಿ. 2ರಿಂದ 2ಕ್ಕೆ ಬೀಪ್ ಬಂದರೆ ನೇರ, 2ರಿಂದ 3ಕ್ಕೆ ಬಂದರೆ ನಲ್ ಮೋಡೆಮ್. ಕನೆಕ್ಟರನ್ನು ಎದುರಿನಿಂದ ನೋಡಿದಾಗ ಪಿನ್ನಿಗೂ ತೂತಿಗೂ ಎಣಿಕೆ ಎಡಬಲ ಆಗುತ್ತದೆ, ಹಾಗಾಗಿ ಪ್ಲಾಸ್ಟಿಕ್ ಮೇಲೆ ಸಣ್ಣದಾಗಿ ಅಚ್ಚಾದ ಅಂಕಿಯನ್ನೇ ನಂಬಿ. ಕೆಲವು ಯಂತ್ರಗಳು 8ನೇ ಪಿನ್ನಿನಲ್ಲಿ ಅನುಮತಿ ಸಿಗುವವರೆಗೂ ಏನನ್ನೂ ಕಳಿಸುವುದಿಲ್ಲ. ಮೂರೇ ತಂತಿಯ ಕೇಬಲ್ ಆದರೆ ಯಂತ್ರದ ತುದಿಯಲ್ಲಿ 7 ಮತ್ತು 8 ಸೇರಿಸಬೇಕು. ನಮ್ಮದಕ್ಕೆ ಬೇಕಾಗಲಿಲ್ಲ.

ಕೇಬಲ್ ಬದಲಿಸಿದ ಮೇಲೆ ಅಡಾಪ್ಟರ್ ಇಷ್ಟವಾಗುತ್ತ ಹೋಯಿತು. ಅದರಲ್ಲಿ ಎರಡು ಪುಟ್ಟ ದೀಪಗಳಿವೆ. ಬೆಳಿಗ್ಗೆ ತಟ್ಟೆ ಒರೆಸಿ, ಯಂತ್ರ ಸೊನ್ನೆಗೆ ತಂದು, PuTTY ತೆರೆದು RX ದೀಪ ಮಿಣುಕುವುದನ್ನು ನೋಡಿಯೇ ಮೊದಲ ಚೀಲ ಏರಿಸುವುದು. ಮಳೆಗಾಲದಲ್ಲಿ ಅದು ಮಿಣುಕದಿದ್ದರೆ ಪಿನ್ನಿಗೆ ಕಿಲುಬು ಬಂದಿದೆಯೇ ನೋಡುತ್ತೇನೆ.

ಹೊಸ ತೂಕದ ಯಂತ್ರದ ಖರ್ಚು ಉಳಿಸಿತು, ನಾಲ್ಕು ನಕ್ಷತ್ರ. ಇನ್ನೊಂದು ಯುಎಸ್‌ಬಿ ತೂತಿಗೆ ಚುಚ್ಚಿದರೆ COM ನಂಬರ್ ಬದಲಾಗಿ ಬಿಲ್ಲಿಂಗ್‌ನಲ್ಲಿ ತೂಕ ಬರುವುದಿಲ್ಲ, ಅದಕ್ಕೇ ನಮ್ಮಲ್ಲಿ ಒಂದು ತೂತಿಗೆ ಕೆಂಪು ಟೇಪ್ ಅಂಟಿಸಿದ್ದೇವೆ.