ಸಾಲದ ಬಾಕಿ ಅಸಲು: CUMPRINC ಸಾಕೇ, FV ಬೇಕೇ?

ಗದಗ-ಬೆಟಗೇರಿಯ ಒಂದು ಮುದ್ರಣಾಲಯ ಯಂತ್ರಕ್ಕಾಗಿ 5,00,000 ರೂಪಾಯಿ ಸಾಲ ತೆಗೆದಿದೆ ಎಂದುಕೊಳ್ಳಿ. ವರ್ಷಕ್ಕೆ ಶೇ 12 ಬಡ್ಡಿ, ಇಳಿಕೆಯಾಗುವ ಬಾಕಿಯ ಮೇಲೆ ಲೆಕ್ಕ, 60 ತಿಂಗಳ ಕಂತು. 24 ಕಂತು ತುಂಬಿದ ಮೇಲೆ ಅಸಲು ಎಷ್ಟು ಉಳಿದಿದೆ? ಇದೇ ಸಾಲವನ್ನು ಎಕ್ಸೆಲ್‌ನಲ್ಲಿ ಎರಡೂ ಸೂತ್ರಗಳಿಗೆ ಹಾಕಿ, ಕೊನೆಗೆ ಸಾಲು ಸಾಲಾಗಿ ಕಂತಿನ ಪಟ್ಟಿ ಮಾಡಿ ತಾಳೆ ನೋಡಿದೆ.

ಮೊದಲು CUMPRINC. ಎಷ್ಟನೇ ಕಂತಿನಿಂದ ಎಷ್ಟನೇ ಕಂತಿನವರೆಗೆ ಒಟ್ಟು ಎಷ್ಟು ಅಸಲು ತೀರಿತು ಎಂಬುದನ್ನು ಇದು ಹೇಳುತ್ತದೆ. ಉತ್ತರ ಋಣ ಚಿಹ್ನೆಯೊಂದಿಗೆ ಬರುವುದರಿಂದ ಬಾಕಿ ಬೇಕಾದರೆ ಅದನ್ನು ಸಾಲಕ್ಕೆ ಕೂಡಿಸಬೇಕು, ಕಳೆಯಬಾರದು.

```
=500000+CUMPRINC(12%/12,60,500000,1,24,0)
```

ಉತ್ತರ 3,34,862.41. ಕಳೆದರೆ ಬಾಕಿ ಮೂಲ ಸಾಲಕ್ಕಿಂತ ಹೆಚ್ಚಾಗುತ್ತದೆ, ಆದ್ದರಿಂದ ಆ ತಪ್ಪು ಕಣ್ಣಿಗೆ ಬೇಗ ಬೀಳುತ್ತದೆ. ಕೊನೆಯ 0 ಎಂದರೆ ಕಂತು ತಿಂಗಳ ಕೊನೆಗೆ. PMT, FVಗಳಲ್ಲಿ ಅದನ್ನು ಬಿಟ್ಟರೂ ನಡೆಯುತ್ತದೆ, ಇಲ್ಲಿ ಬಿಟ್ಟರೆ ಎಕ್ಸೆಲ್ ಸೂತ್ರವನ್ನೇ ಒಪ್ಪುವುದಿಲ್ಲ.

ಬಡ್ಡಿ ದರದ ತಪ್ಪು ಮಾತ್ರ ಬೇಗ ಸಿಗುವುದಿಲ್ಲ. 1ರಿಂದ 60ರವರೆಗಿನ ಅಸಲು ಕೂಡಿಸಿ 5,00,000 ಬಂತೆಂದು ಸಮಾಧಾನಪಡುವವರಿದ್ದಾರೆ. ದರ ಎಷ್ಟೇ ತಪ್ಪಿದ್ದರೂ ಆ ಮೊತ್ತ ಸರಿಯಾಗಿಯೇ ಬರುತ್ತದೆ, ಏಕೆಂದರೆ ಯಾವ ದರದಲ್ಲಾದರೂ ಸಾಲ 60ನೇ ಕಂತಿಗೆ ತೀರುವಂತೆಯೇ ಈ ಸೂತ್ರ ಕಂತನ್ನು ಕಟ್ಟಿಕೊಳ್ಳುತ್ತದೆ. ದರ ಪರೀಕ್ಷಿಸಲು `=PMT(12%/12,60,-500000)` ಹಾಕಿ, ಬಂದ 11,122.22 ಅನ್ನು ಸಾಲ ಮಂಜೂರಾತಿ ಪತ್ರದ ಕಂತಿನ ಜೊತೆ ಹೋಲಿಸಿ. ನೂರಾರು ರೂಪಾಯಿ ವ್ಯತ್ಯಾಸ ಕಂಡರೆ ದರವೋ ಅವಧಿಯೋ ತಪ್ಪಿದೆ, ಇಲ್ಲವೇ ಅದು ಫ್ಲಾಟ್ ಬಡ್ಡಿ.

ಇಲ್ಲಿಂದಲೇ FVಯ ಮೇಲುಗೈ ಶುರು. ಬ್ಯಾಂಕು 11,122.22 ವಸೂಲಿ ಮಾಡುವುದಿಲ್ಲ. 11,123 ಎಂದು ಪೂರ್ಣ ಮಾಡಿಕೊಂಡಿದೆ ಎನ್ನೋಣ. CUMPRINCಗೆ ಆ ಕಂತನ್ನು ತಿಳಿಸಲು ಜಾಗವೇ ಇಲ್ಲ. FVಗೆ ನಿಜವಾದ ಕಂತನ್ನೇ ಕೊಡಬಹುದು:

```
=FV(12%/12,24,11123,-500000)
```

ಉತ್ತರ 3,34,841.47, ಸುಮಾರು 21 ರೂಪಾಯಿ ಕಡಿಮೆ. ಕಂತು ಮತ್ತು ಸಾಲದ ಚಿಹ್ನೆ ಒಂದಕ್ಕೊಂದು ವಿರುದ್ಧವಾಗಿರಲೇಬೇಕು. ಎರಡನ್ನೂ ಒಂದೇ ಚಿಹ್ನೆಯಲ್ಲಿ ಹಾಕಿದರೆ ಕಂತು ತುಂಬಿದಷ್ಟೂ ಸಾಲ ಬೆಳೆದಂತೆ ತೋರುತ್ತದೆ. ಕಂತಿನ ಸಂಖ್ಯೆ 0 ಕೊಟ್ಟರೆ FV ಪೂರ್ತಿ ಸಾಲವನ್ನೇ ತೋರಿಸುತ್ತದೆ, CUMPRINC `#NUM!` ಎನ್ನುತ್ತದೆ. ಕಂತಿನ ಸಂಖ್ಯೆಯನ್ನು ಬೇರೆ ಕೋಶದಿಂದ ತೆಗೆದುಕೊಳ್ಳುವ ಹಾಳೆಯಲ್ಲಿ ಇದು ಪದೇ ಪದೇ ಕಾಡುತ್ತದೆ.

ನಡುವೆ ಇಡುಗಂಟು ಕಟ್ಟಿದಾಗ ವ್ಯತ್ಯಾಸ ದೊಡ್ಡದಾಗುತ್ತದೆ. 24ನೇ ಕಂತಿನ ಜೊತೆಗೇ 50,000 ಕಟ್ಟಿದರೆ ಬಾಕಿ 2,84,841.47. ಕಂತು ಅಷ್ಟೇ ಇಟ್ಟು ಅವಧಿ ಇಳಿಸಿದರೆ NPER ಪ್ರಕಾರ ಉಳಿಯುವುದು ಸುಮಾರು 29.73 ಕಂತು. ಎಕ್ಸೆಲ್‌ನ CUMPRINC ಅವಧಿಯ ದಶಮಾಂಶವನ್ನು ಕತ್ತರಿಸಿ 29 ಎಂದು ಹಿಡಿಯುತ್ತದೆ. ಆಗ ಅದರ ಒಳಗಿನ ಕಂತು 11,360 ದಾಟುತ್ತದೆ, ಮುಂದಿನ ಬಾಕಿಯೆಲ್ಲ ಕಡಿಮೆ ಕಾಣುತ್ತದೆ. FVಗೆ ಈ ತೊಂದರೆ ಇಲ್ಲ: ಹೊಸ ಬಾಕಿ, ಅದೇ 11,123, ಆಮೇಲೆ ಕಳೆದ ಕಂತುಗಳ ಸಂಖ್ಯೆ ಕೊಟ್ಟರೆ ಆಯಿತು. ಆದರೆ ಯಾವ ಸೂತ್ರ ಬಳಸಿದರೂ ಇಡುಗಂಟಿನ ನಂತರದ ಕಂತನ್ನು 1 ಎಂದೇ ಎಣಿಸಬೇಕು. 25 ಎಂದು ಮುಂದುವರಿಸಿದರೆ ಹಳೆಯ ಕಂತುಗಳಲ್ಲಿ ತೀರಿದ ಅಸಲು ಎರಡನೇ ಸಲ ಲೆಕ್ಕಕ್ಕೆ ಬರುತ್ತದೆ.

ಹಾಗೆಂದು CUMPRINC ಅನ್ನು ಬದಿಗಿಡುವಂತಿಲ್ಲ. ಮೊದಲ ಕಂತು 2023ರ ಜುಲೈಯಲ್ಲಿ ಬಿದ್ದಿದ್ದರೆ 2024-25ರ ಹಣಕಾಸು ವರ್ಷಕ್ಕೆ 10ರಿಂದ 21ನೇ ಕಂತು ಬರುತ್ತವೆ. ಆ ವರ್ಷದ ಅಸಲು ಬೇಕೆಂದರೆ 10, 21 ಎಂದು ಕೊಟ್ಟರೆ ಒಂದೇ ಕೋಶದಲ್ಲಿ ಸಿಗುತ್ತದೆ, ಬಡ್ಡಿಗೆ ಅದೇ ಜಾಗದಲ್ಲಿ CUMIPMT. ಲೆಕ್ಕಪತ್ರದವರಿಗೆ ಬೇಕಾಗುವುದು ಇದೇ. FVಯಲ್ಲಿ ಇದಕ್ಕೆ ಎರಡು ಬಾಕಿ ಕಂಡುಹಿಡಿದು ಕಳೆಯಬೇಕು.

ಸಾಲು ಸಾಲಿನ ಪಟ್ಟಿ ಬೇಕಾಗುವುದು ದರ ಬದಲಾಗುತ್ತಿದ್ದಾಗ, ಅಥವಾ ಪ್ರತಿ ತಿಂಗಳ ಬಡ್ಡಿಯನ್ನು ರೂಪಾಯಿಗೆ ಪೂರ್ಣಗೊಳಿಸುವ ಸ್ಟೇಟ್‌ಮೆಂಟಿಗೆ ಸರಿಹೊಂದಿಸಬೇಕಾದಾಗ. ಪ್ರತಿ ಸಾಲಿನಲ್ಲೂ ಬಡ್ಡಿಗೆ ROUND ಹಾಕಿದರೆ ಹೊಂದುತ್ತದೆ.

ಅವಧಿಗೆ ಮುಂಚೆ ಸಾಲ ಮುಗಿಸಲು ಕಟ್ಟಬೇಕೆಂದು ಬ್ಯಾಂಕು ಹೇಳುವ ಮೊತ್ತ ಇವಕ್ಕಿಂತ ಹೆಚ್ಚಿದ್ದರೆ ಸೂತ್ರ ತಪ್ಪೆಂದು ತಿಳಿಯಬೇಡಿ. ಈ ಸೂತ್ರಗಳು ಕೊಡುವುದು ಕಂತಿನ ದಿನದ ಅಸಲು ಮಾತ್ರ. ಕಂತು ತುಂಬಿ 12 ದಿನದ ಮೇಲೆ ಹೋದರೆ 3,34,841ಕ್ಕೆ 12 ದಿನದ ಬಡ್ಡಿ, ಅಂದರೆ ಸುಮಾರು 1,321 ರೂಪಾಯಿ ಸೇರುತ್ತದೆ. ಕರಾರಿನಲ್ಲಿ ಮುಂಗಡ ಮುಕ್ತಾಯದ ಶುಲ್ಕವಿದ್ದರೆ ಅದೂ, ಅದರ ಮೇಲಿನ ಜಿಎಸ್‌ಟಿಯೂ ಬೇರೆ.