ಬಂಗುಡೆ ಹುರಿಯಲು ಕಬ್ಬಿಣದ ಕಾವಲಿಯೋ, ನಾನ್‌ಸ್ಟಿಕ್ ತವೆಯೋ?

ಚರ್ಮ ನಿಜಕ್ಕೂ ಗರಿಗರಿ ಆಗಬೇಕೆಂದರೆ ನನ್ನ ಆಯ್ಕೆ ಕಬ್ಬಿಣದ ಕಾವಲಿ. ದಪ್ಪಗಿರುವುದರಿಂದ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೀನು ಇಟ್ಟ ಕೂಡಲೇ ಆರುವುದಿಲ್ಲ. ತೆಳುವಾದ ನಾನ್‌ಸ್ಟಿಕ್ ತವೆ ಆಗಲೇ ತಣ್ಣಗಾಗುತ್ತದೆ. ಮೀನು ಹುರಿಯುವ ಬದಲು ತನ್ನ ನೀರಲ್ಲೇ ಬೇಯುತ್ತದೆ. ಅದನ್ನು ಜೋರು ಉರಿಯಲ್ಲಿ ಖಾಲಿ ಕಾಯಿಸಿದರೆ ಲೇಪವೂ ಹಾಳು.

ಆದರೆ ಕಬ್ಬಿಣದ ಮೇಲೆ ಅಂಟುವ ಭಯ ಇದ್ದೇ ಇರುತ್ತದೆ, ಅಲ್ವಾ? ಹಸಿ ಮೀನಿನ ಪ್ರೋಟೀನ್ ಲೋಹಕ್ಕೆ ಹಿಡಿದುಕೊಳ್ಳುತ್ತದೆ. ತೇವ ಇದ್ದರೆ ಇನ್ನೂ ಜಾಸ್ತಿ. ಹಾಗಾಗಿ ಮೀನನ್ನು ಬಟ್ಟೆಯಿಂದ ಒತ್ತಿ ಒರೆಸಿ. ಎಣ್ಣೆ ಹಾಕಿ ಪಳಗಿಸಿದ ಕಾವಲಿಯನ್ನು ಚೆನ್ನಾಗಿ ಕಾಯಿಸಿ, ಎರಡು ಚಮಚ ಎಣ್ಣೆ ಹಾಕಿ. ಎಣ್ಣೆ ತೆಳುವಾಗಿ ಹರಿದು ಮಿನುಗಿದಾಗ ಮೀನು ಇಟ್ಟು, ಮಧ್ಯಮ ಉರಿಯಲ್ಲಿ 3-4 ನಿಮಿಷ ಸುಮ್ನೆ ಬಿಡಿ. ಚರ್ಮ ಕೆಂಪಗೆ ಗಟ್ಟಿಯಾದ ಮೇಲೆ ತಾನಾಗಿ ಬಿಡುತ್ತದೆ. ಸಟ್ಟುಗದಿಂದ ಅಂಚು ಎತ್ತಿ ನೋಡಿ. ಎಳೆದು ಹಿಡಿದರೆ ಇನ್ನೊಂದು ನಿಮಿಷ ಕಾಯಿರಿ. ಅವಸರ ಮಾಡಿದರೆ ಚರ್ಮ ಕಾವಲಿಗೇ ಉಳಿಯುತ್ತದೆ.

ಹುಣಸೆ ಹಾಕಿದ ಒದ್ದೆ ಮಸಾಲೆ ಹಚ್ಚುವವರಿಗೆ ನಾನ್‌ಸ್ಟಿಕ್ಕೇ ಸುಲಭ. ಹುಳಿ ಕಾವಲಿಯ ಪಳಗಿದ ಪದರವನ್ನು ತಿನ್ನುತ್ತದೆ, ಮಸಾಲೆಯೂ ಬೇಗ ಸೀಯುತ್ತದೆ. ಕಬ್ಬಿಣವೇ ಬೇಕೆಂದರೆ ಮಸಾಲೆಯ ಮೇಲೆ ಸಣ್ಣ ರವೆ ಒತ್ತಿ.

ಚರ್ಮವಿರುವ ಕೋಳಿ ತೊಡೆಗೆ ಲೆಕ್ಕವೇ ಬೇರೆ. ತಣ್ಣನೆಯ ಪಾತ್ರೆಯಲ್ಲಿ ಚರ್ಮ ಕೆಳಗೆ ಮಾಡಿ ಇಟ್ಟು, ಸಣ್ಣ ಉರಿಯಲ್ಲಿ ಶುರು ಮಾಡಿ. ಕೊಬ್ಬು ನಿಧಾನವಾಗಿ ಕರಗಿ ಅದೇ ಎಣ್ಣೆಯಾಗುತ್ತದೆ. ಇದಕ್ಕೆ ಎರಡೂ ಪಾತ್ರೆ ನಡೆಯುತ್ತದೆ.